ಸಹಾಯ ಬೇಕು: ಗಮ್ ದ್ರಾವಣದ K ಪೈಪಲ್ಲಿ ಬೇರೆ, ವಿಸ್ಕೋಮೀಟರಲ್ಲಿ ಬೇರೆ

ನಮಸ್ಕಾರ, ಕಾಸರಗೋಡಿಂದ. ಪ್ರಾಜೆಕ್ಟಿಗೆ ಕ್ಸಾಂಥನ್ ಗಮ್ ಕಲಸಿದ ನೀರನ್ನು ಉದ್ದದ ಸಪೂರ ಪೈಪಲ್ಲಿ ಬಿಡ್ತಾ ಇದ್ದೇವೆ, ಹರಿವು ಲ್ಯಾಮಿನಾರ್. ಬರೀ ನೀರಾದ್ರೆ ಪ್ರೆಶರ್ ಡಬಲ್ ಮಾಡಿದಾಗ ಹರಿವೂ ಡಬಲ್, ಇದರಲ್ಲಿ ನಾಲ್ಕು ಪಟ್ಟು ಆಗ್ತದೆ, ಹರಿವು ΔP^(1/n) ಪ್ರಕಾರ ಏರೋದ್ರಿಂದ n = 0.5, ಕೋನ್-ಪ್ಲೇಟ್ ವಿಸ್ಕೋಮೀಟರಲ್ಲೂ ಅದೇ ಬಂತು, ಅಲ್ಲಿವರೆಗೆ ಸರಿ ಉಂಟು.

ತಲೆಬಿಸಿ K ಯದ್ದು. ಗೋಡೆ ಹತ್ರದ ಶಿಯರ್ ರೇಟನ್ನು ನೀರಿನ ಹಾಗೆ 8V/D ಅಂತ ಹಿಡಿದ್ರೆ ಪೈಪಿನ K ಸುಮಾರು 12% ಜಾಸ್ತಿ ಬರ್ತದೆ. ಗೋಡೆಯಲ್ಲಿ ದ್ರಾವಣ ಜಾರಿದ್ರೆ ಕಡಿಮೆ ಬರ್ಬೇಕಿತ್ತಲ್ವಾ, ಉಷ್ಣತೆಯೂ ಎರಡರಲ್ಲೂ ಒಂದೇ. ರೇಟನ್ನು (3n+1)/(4n), ಅಂದ್ರೆ 1.25ರಿಂದ ಗುಣಿಸಿದ್ರೆ K ಕೂಡಿ ಬರ್ತದೆ, √1.25 ಸುಮಾರು 1.12 ತಾನೇ.

ಈ ಗುಣಕ ಪೈಪಿಗೆ ಮಾತ್ರವಾ, ಕೋನ್-ಪ್ಲೇಟ್ ರೀಡಿಂಗಿಗೂ ಹಾಕ್ಬೇಕಾ? ಯಾಕೆ ಅಂತಲೂ ಗೊತ್ತಿದ್ದವರು ದಯವಿಟ್ಟು ಹೇಳಿ.