ಸೂರ್ಯಾಸ್ತದ ಆಕಾಶದಲ್ಲಿ ಪಟ್ಟೆಗಳು: ಟೈಮ್‌ಲೈನಿನಲ್ಲಿ ಇಲ್ಲದ್ದು ಎಕ್ಸ್‌ಪೋರ್ಟಿನಲ್ಲಿ ಎಲ್ಲಿಂದ ಬರುತ್ತದೆ?

ಪ್ರಶ್ನೆ
ಆಗುಂಬೆಯಲ್ಲಿ ಸೂರ್ಯಾಸ್ತ ಚಿತ್ರೀಕರಿಸಿದ್ದೇನೆ. ಕ್ಯಾಮೆರಾ 8 ಬಿಟ್‌ನದು. ಎಡಿಟ್ ಮಾಡುವಾಗ ಆಕಾಶ ನುಣುಪಾಗಿಯೇ ಕಾಣುತ್ತದೆ. 1080p, 6 Mbps ಎಚ್.264 ಎಕ್ಸ್‌ಪೋರ್ಟ್ ಮಾಡಿದ ಕೂಡಲೇ ಸೂರ್ಯನ ಸುತ್ತ ಬಳೆ ಬಳೆಯಾಗಿ ಪಟ್ಟೆಗಳು ಮೂಡುತ್ತವೆ. ಯೂಟ್ಯೂಬಿಗೆ ಹಾಕಿದರೆ ಇನ್ನೂ ಜಾಸ್ತಿ. 10 ಬಿಟ್ ಕ್ಯಾಮೆರಾ ಕೊಳ್ಳದೆ ಬೇರೆ ದಾರಿ ಇಲ್ಲವೇ? ಅನುಭವ ಇದ್ದವರು ತಿಳಿಸಿ.

ಮದುವೆ ವಿಡಿಯೊ ಎಡಿಟರ್, ಹಾಸನ
ಕ್ಯಾಮೆರಾ ಬದಲಿಸಿ ಸರ್, ಬೇರೆ ಮಾತಿಲ್ಲ. 8 ಬಿಟ್ ಎಂದರೆ ಒಂದೊಂದು ಬಣ್ಣಕ್ಕೆ 256 ಮೆಟ್ಟಿಲು, 10 ಬಿಟ್‌ಗೆ 1024. ಲಾಗ್‌ನಲ್ಲಿ ತೆಗೆದಿದ್ದರಂತೂ ಇನ್ನೂ ಕಷ್ಟ. ಇರುವ ಕೆಲವೇ ಮೆಟ್ಟಿಲುಗಳನ್ನು ಗ್ರೇಡಿಂಗ್ ಮಾಡುವಾಗ ಎಳೆದು ಅಗಲ ಮಾಡುತ್ತೇವೆ, ಪಟ್ಟೆ ಬರದೇ ಇರುತ್ತದೆಯೇ? ಸದ್ಯಕ್ಕೆ ಈ ವಿಡಿಯೊ ಉಳಿಸಿಕೊಳ್ಳಬೇಕೆಂದರೆ ಎನ್‌ಕೋಡ್ ಮಾಡುವ ಮೊದಲು `gradfun` ಫಿಲ್ಟರ್ ಹಾಕಿ ನೋಡಿ, ಪಟ್ಟೆ ಕರಗಿಸುವುದಕ್ಕೆಂದೇ ಇರುವ ಫಿಲ್ಟರ್ ಅದು.

ಸಭಾ ಕಾರ್ಯಕ್ರಮಗಳ ಚಿತ್ರೀಕರಣ ಮಾಡುವವರು
ನನಗೂ ಇದೇ ತೊಂದರೆ ಇತ್ತು. ಕಲ್ಯಾಣ ಮಂಟಪದ ಎಲ್‌ಇಡಿ ದೀಪಗಳ ಕೆಳಗೆ ತೆಗೆದ ವಿಡಿಯೊದಲ್ಲಿ ಅಡ್ಡಪಟ್ಟೆಗಳು ಮೇಲಕ್ಕೂ ಕೆಳಕ್ಕೂ ಹರಿಯುತ್ತಿದ್ದವು. ನಮ್ಮ ವಿದ್ಯುತ್ 50 ಹರ್ಟ್ಸ್, ಆದ್ದರಿಂದ ಶಟರ್ 1/50 ಅಥವಾ 1/100ಕ್ಕೆ ಇಟ್ಟುಕೊಂಡೆ, ಸರಿಹೋಯಿತು. ನೀವೂ ಶಟರ್ ನೋಡಿಕೊಳ್ಳಿ.

ವಿಡಿಯೊ ಎನ್‌ಕೋಡಿಂಗ್ ಕೆಲಸದಲ್ಲಿರುವವರು, ಬೆಂಗಳೂರು
ಶಟರಿನಿಂದ ಬರುವ ಪಟ್ಟೆ ಕ್ಯಾಮೆರಾದ ಮೂಲ ಫೈಲಿನಲ್ಲೇ ಇರುತ್ತದೆ, ಇಡೀ ಚಿತ್ರದ ಮೇಲೆ ಅಡ್ಡಲಾಗಿ ಹಾಯುತ್ತದೆ. ಬಿಸಿಲಿನ ಆಕಾಶಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಸನದವರು ಹೇಳಿದ ಮೆಟ್ಟಿಲಿನ ಲೆಕ್ಕ ಸರಿ. ಆದರೆ ಪ್ರಶ್ನೆಯಲ್ಲೇ ಒಂದು ಸುಳಿವು ಇದೆ: ಟೈಮ್‌ಲೈನಿನಲ್ಲಿ ಅದೇ 8 ಬಿಟ್ ಚಿತ್ರ ನುಣುಪಾಗಿದೆ. ಮೆಟ್ಟಿಲು ಕಡಿಮೆ ಇರುವುದೊಂದೇ ಕಾರಣವಾಗಿದ್ದರೆ ಪಟ್ಟೆ ಅಲ್ಲೇ ಕಾಣಬೇಕಿತ್ತು.

ಲೆಕ್ಕ ಹಾಕಿ ನೋಡೋಣ. ಚಿತ್ರದ ಮೇಲಿನ 720 ಸಾಲುಗಳು ಆಕಾಶ, ಅದರ ಹೊಳಪು ಮೇಲಿನಿಂದ ಕೆಳಕ್ಕೆ 120ರಿಂದ 150ಕ್ಕೆ ಏರುತ್ತದೆ ಎಂದುಕೊಳ್ಳಿ. ಇರುವುದು 30 ಮೆಟ್ಟಿಲು, ಅಂದರೆ ಒಂದೊಂದು ಮೆಟ್ಟಿಲಿನ ಅಗಲ 24 ಸಾಲು. ಇಷ್ಟು ಅಗಲವಿದ್ದರೆ ಅಂಚು ಕಣ್ಣಿಗೆ ಬಿದ್ದೇ ಬೀಳುತ್ತದೆ. (10 ಬಿಟ್‌ನಲ್ಲಾದರೆ 6 ಸಾಲು.) ಆದರೂ ಮೂಲದಲ್ಲಿ ಅದು ಕಾಣದಿರಲು ಕಾರಣ ಸೆನ್ಸರಿನ ನಾಯ್ಸ್. ಪ್ರತಿ ಪಿಕ್ಸೆಲ್ ಒಂದೆರಡು ಮೆಟ್ಟಿಲು ಆಚೀಚೆ ಅಲುಗುವುದರಿಂದ 131 ಮತ್ತು 132ರ ನಡುವಿನ ಗೆರೆ ಎಲ್ಲಿದೆ ಎಂದು ಕಣ್ಣಿಗೆ ಗೊತ್ತಾಗುವುದೇ ಇಲ್ಲ, ನಡುವಿನ ಬಣ್ಣಗಳೂ ಇರುವಂತೆ ಕಾಣುತ್ತದೆ.

ಎನ್‌ಕೋಡರ್ ಮೊದಲು ಅಳಿಸುವುದು ಈ ನಾಯ್ಸನ್ನೇ. ಎಚ್.264ರಲ್ಲಿ ಕ್ವಾಂಟೈಸರ್ 28 ಇದ್ದಾಗ ಅದರ ಹೆಜ್ಜೆಯ ಗಾತ್ರ 16. ಕ್ವಾಂಟೈಸರ್ 6 ಕೆಳಗಿಳಿದಂತೆಲ್ಲ ಹೆಜ್ಜೆ ಅರ್ಧವಾಗುತ್ತದೆ, 16ಕ್ಕೆ ಬಂದರೆ ಹೆಜ್ಜೆ 4. ಒಂದೆರಡು ಮೆಟ್ಟಿಲಿನಷ್ಟು ಸಣ್ಣ ಅಲುಗಾಟ 16ರ ಹೆಜ್ಜೆಗೆ ಸಿಕ್ಕರೆ ಪೂರ್ತಿ ಸೊನ್ನೆ. ಹೊದಿಕೆ ಹೋಯಿತು, 24 ಸಾಲಿನ ಮೆಟ್ಟಿಲು ಹೊರಬಿತ್ತು. ಮರಗಿಡ, ಬೆಟ್ಟ ಇರುವ ಕಡೆ 6 Mbps ಖರ್ಚಾಗಿಬಿಡುತ್ತದೆ, ಆಕಾಶಕ್ಕೆ ಉಳಿಯುವುದು ಅಲ್ಪ.

ತಪ್ಪು ಎಲ್ಲಿದೆ ಎಂದು ತಿಳಿಯಲು ಹತ್ತು ಸೆಕೆಂಡನ್ನು ಹೆಚ್ಚುಕಡಿಮೆ ನಷ್ಟವಿಲ್ಲದಂತೆ ಎನ್‌ಕೋಡ್ ಮಾಡಿ:

```
ffmpeg -i master.mov -t 10 -c:v libx264 -crf 8 -pix_fmt yuv420p test.mp4
```

ಇದರಲ್ಲೂ ಪಟ್ಟೆ ಕಂಡರೆ ಮೂಲವನ್ನೋ ಗ್ರೇಡಿಂಗನ್ನೋ ದೂರಬೇಕು. ಕಾಣದಿದ್ದರೆ ದೋಷ ಕಂಪ್ರೆಷನ್ನಿನದು. ಇನ್ನೊಂದು ಗುರುತೂ ಇದೆ. ಚಿತ್ರವನ್ನು ನಿಲ್ಲಿಸಿ ನಾಲ್ಕು ಪಟ್ಟು ಹಿಗ್ಗಿಸಿ ನೋಡಿ. ಬಿಟ್ ಸಾಲದೆ ಬಂದ ಪಟ್ಟೆಯ ಅಂಚು ಆಕಾಶದ ಬಾಗುವಿಕೆಯನ್ನೇ ಹಿಡಿದು ಸಾಗುತ್ತದೆ. ಕಂಪ್ರೆಷನ್ನಿನ ಪಟ್ಟೆಯ ಅಂಚಿನಲ್ಲಿ ಚೌಕಗಳ ಮೂಲೆಗಳು ಚಾಚಿಕೊಂಡಿರುತ್ತವೆ, ವಿಡಿಯೊ ಓಡಿಸಿದರೆ ಪ್ರತಿ ಕೀಫ್ರೇಮ್ ಬಂದಾಗಲೂ ಪಟ್ಟೆಗಳು ತಟಕ್ಕನೆ ಜಾಗ ಬದಲಿಸುತ್ತವೆ.

`gradfun` ಬಗ್ಗೆ ಮಾತ್ರ ಎಚ್ಚರ. ಅದು ಪ್ಲೇಬ್ಯಾಕಿಗೆ ಮಾತ್ರ, ನಷ್ಟವಾಗುವ ಕಂಪ್ರೆಷನ್ನಿನ ಮೊದಲು ಬಳಸಬೇಡಿ ಎಂದು ffmpeg ಕೈಪಿಡಿಯೇ ಹೇಳುತ್ತದೆ. ಅದು ಸೇರಿಸುವ ನವಿರಾದ ಡಿದರ್ ಅನ್ನೂ ಎನ್‌ಕೋಡರ್ ಅಳಿಸಿಹಾಕುತ್ತದೆ, ಪಟ್ಟೆ ಮರಳಿ ಬರುತ್ತದೆ. ನಾನು ಬಳಸುವುದು ಇದು:

```
ffmpeg -i master.mov -vf "noise=c0s=6:c0f=t" -c:v libx264 -preset slow -crf 15 -aq-mode 3 -pix_fmt yuv420p -c:a aac out.mp4
```

ಇದು ಬೇಕೆಂದೇ ಸೇರಿಸುವ ನಾಯ್ಸ್, ಅಂದರೆ ಗ್ರೇನ್, ಹೊಳಪಿಗೆ ಮಾತ್ರ, ಬಣ್ಣಕ್ಕಿಲ್ಲ. ಫ್ರೇಮಿನಿಂದ ಫ್ರೇಮಿಗೆ ಬದಲಾಗುತ್ತದೆ. ಅಳತೆ ಬದಲಿಸುವುದು, ಗ್ರೇಡಿಂಗ್ ಎಲ್ಲ ಮುಗಿದ ಮೇಲೆ ಕಟ್ಟಕಡೆಗೆ ಸೇರಿಸಬೇಕು. `-crf 15` ಇದ್ದಾಗ ಮಾತ್ರ ಇದಕ್ಕೆ ಅರ್ಥ. 28ರಲ್ಲಿ ಗ್ರೇನ್ ಹಾಕುವುದು ವ್ಯರ್ಥ.

ಮದುವೆ ವಿಡಿಯೊ ಎಡಿಟರ್, ಹಾಸನ
ಕೈಪಿಡಿಯ ಮಾತು ಒಪ್ಪಿದೆ ಸರ್. ಆದರೆ ಗ್ರೇನ್ ಹಾಕಿದ ಫೈಲ್ ದೊಡ್ಡದಾಗುತ್ತದೆಯಲ್ಲ? ಗ್ರಾಹಕರು ಕೇಳುವುದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವಂಥದ್ದು. ಅಲ್ಲಿ ಅದು ಮತ್ತೊಮ್ಮೆ ಕಂಪ್ರೆಸ್ ಆಗಿ, ಗ್ರೇನ್ ಗಂಟುಗಂಟಾಗಿ ಮುಖದ ಮೇಲೆ ಕುಳಿತುಕೊಳ್ಳುತ್ತದೆ. ಅದಕ್ಕಿಂತ ಪಟ್ಟೆಯೇ ವಾಸಿ ಎನಿಸಿದೆ ನನಗೆ.

ವಿಡಿಯೊ ಎನ್‌ಕೋಡಿಂಗ್ ಕೆಲಸದಲ್ಲಿರುವವರು, ಬೆಂಗಳೂರು
ನಿಜ, ಬಿಟ್‌ರೇಟನ್ನು ಏರಿಸುವ ಹಾಗಿಲ್ಲದಿದ್ದರೆ ಗ್ರೇನ್ ಹೊರೆಯೇ ಆಗುತ್ತದೆ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊ ಎಂದು ಕಳಿಸದೆ ಡಾಕ್ಯುಮೆಂಟ್ ಎಂದು ಕಳಿಸಿದರೆ ಫೈಲ್ ಇದ್ದಂತೆಯೇ ತಲುಪುತ್ತದೆ. ನೋಡುವವರ ಸಾಧನ ನಿಮಗೆ ಗೊತ್ತಿದ್ದರೆ ಇನ್ನೂ ಒಳ್ಳೆಯ ದಾರಿ ಇದೆ: ಎಚ್‌ಇವಿಸಿ, 10 ಬಿಟ್.

```
-c:v libx265 -crf 20 -pix_fmt yuv420p10le
```

ಮೂಲ 8 ಬಿಟ್ ಆಗಿದ್ದರೂ ಇದರಿಂದ ಲಾಭವಿದೆ. ಎನ್‌ಕೋಡರಿನ ಒಳಲೆಕ್ಕಗಳೂ ಹೊರಬರುವ ಚಿತ್ರವೂ ಸಣ್ಣ ಮೆಟ್ಟಿಲುಗಳಲ್ಲಿ ನಡೆಯುವುದರಿಂದ ಅಷ್ಟೇ ಬಿಟ್‌ರೇಟಿಗೆ ಆಕಾಶ ನುಣುಪಾಗಿ ಉಳಿಯುತ್ತದೆ. 10 ಬಿಟ್ ಎಚ್.264 ಮಾತ್ರ ಬೇಡ, ಬಹಳಷ್ಟು ಫೋನು, ಟಿವಿಗಳ ಹಾರ್ಡ್‌ವೇರ್ ಅದನ್ನು ಬಿಚ್ಚುವುದಿಲ್ಲ.

ಪ್ರವಾಸದ ವಿಡಿಯೊ ಮಾಡುವವರು, ಉಡುಪಿ
ಯೂಟ್ಯೂಬ್ ನಾವು ಏನೇ ಕೊಟ್ಟರೂ ಮತ್ತೆ ಎನ್‌ಕೋಡ್ ಮಾಡುತ್ತದೆ. ನಾನು 1080p ವಿಡಿಯೊವನ್ನು 1440pಗೆ ಹಿಗ್ಗಿಸಿ ಹಾಕುತ್ತೇನೆ, ಆಗ ಎಚ್.264 ಬದಲು ವಿಪಿ9 ಸಿಗುತ್ತದೆ, 1440p ಆಯ್ದು ನೋಡುವವರಿಗೆ ಬಿಟ್‌ರೇಟೂ ಹೆಚ್ಚು. ಮಲ್ಪೆಯ ಸಂಜೆಯ ವಿಡಿಯೊಗಳಲ್ಲಿ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ. ಗ್ರೇನ್ ಹಾಕಿದರೆ ಸಮುದ್ರದ ಅಲೆ ಮಸುಕಾಗುತ್ತದೆ, ಹಾಗಾಗಿ ನಾನು ಹಾಕುವುದಿಲ್ಲ.

ಪ್ರಶ್ನೆ ಕೇಳಿದವರು
`-crf 8` ಪರೀಕ್ಷೆಯಲ್ಲಿ ಪಟ್ಟೆ ಇಲ್ಲ, ಆದ್ದರಿಂದ ಕ್ಯಾಮೆರಾ ಸದ್ಯಕ್ಕೆ ಬದಲಿಸುವುದಿಲ್ಲ. ಗ್ರೇನ್ ಹಾಕಿ 1440pಗೆ ಹಿಗ್ಗಿಸಿ ಅಪ್‌ಲೋಡ್ ಮಾಡಿದೆ. ಸೂರ್ಯನ ಪಕ್ಕದ ಬಳೆಗಳು ಹೋದವು. ಬೆಟ್ಟದ ಮೇಲಿನ ಕಡುನೀಲಿಯಲ್ಲಿ ಮಾತ್ರ ಎರಡು ಅಗಲ ಪಟ್ಟೆಗಳು ಉಳಿದಿವೆ. ನನ್ನ ಫೋನಿನಲ್ಲಿ ಅವು ಇಲ್ಲ, ಲ್ಯಾಪ್‌ಟಾಪಿನಲ್ಲಿ ಇವೆ.

ವಿಡಿಯೊ ಎನ್‌ಕೋಡಿಂಗ್ ಕೆಲಸದಲ್ಲಿರುವವರು, ಬೆಂಗಳೂರು
ಕಂಪ್ಯೂಟರಿನಲ್ಲಿರುವ `out.mp4` ಫೈಲನ್ನು ಅದೇ ಲ್ಯಾಪ್‌ಟಾಪಿನ mpv ಪ್ಲೇಯರಿನಲ್ಲಿ ತೆರೆದು `b` ಒತ್ತಿ, ಡಿಬ್ಯಾಂಡಿಂಗ್ ಆನ್, ಆಫ್ ಆಗುತ್ತದೆ. ಆಫ್ ಇದ್ದಾಗಲೂ ಪಟ್ಟೆ ಇಲ್ಲದಿದ್ದರೆ ಉಳಿದದ್ದು ಯೂಟ್ಯೂಬಿನ ಎನ್‌ಕೋಡಿಂಗಿನದು. ಪಟ್ಟೆ ಇದ್ದು, ಆನ್ ಮಾಡಿದರೂ ಕದಲದಿದ್ದರೆ ಲ್ಯಾಪ್‌ಟಾಪಿನ ಪರದೆಯನ್ನು ಅನುಮಾನಿಸಿ. ಅಗ್ಗದ ಪರದೆಗಳಲ್ಲಿ 6 ಬಿಟ್‌ನವೂ ಇವೆ.