ಸಹಾಯ ಬೇಕು: ಎಲ್ ಮತ್ತು ಲಾ ಕಾಣದ ಕಡೆ ಅರ್ಥವನ್ನು ಗುರುತಿಸುವುದು ಹೇಗೆ?

ಸ್ಪ್ಯಾನಿಷ್ ಬಲ್ಲ ಸದಸ್ಯರಲ್ಲಿ ಒಂದು ವಿನಂತಿ. ಪುಲ್ಲಿಂಗ ಸೂಚಿಸುವ ‘ಎಲ್’ ಸೇರಿದ ‘ಎಲ್ ಕಪಿತಾಲ್’ ಎಂದರೆ ಬಂಡವಾಳ, ಸ್ತ್ರೀಲಿಂಗ ಸೂಚಿಸುವ ‘ಲಾ’ ಸೇರಿದ ‘ಲಾ ಕಪಿತಾಲ್’ ಎಂದರೆ ರಾಜಧಾನಿ. ‘ಲಾ ಕೂರಾ’ ಎಂದರೆ ಚಿಕಿತ್ಸೆ, ‘ಎಲ್ ಕೂರಾ’ ಎಂದರೆ ಪಾದ್ರಿ. ಭಕ್ತರ ಆತ್ಮಗಳ ಆರೈಕೆ ಪಾದ್ರಿಯ ಹೊಣೆಯಾಗಿದ್ದರಿಂದ, ಆರೈಕೆ ಎಂಬ ಅರ್ಥದ ಲ್ಯಾಟಿನ್ ಪದವೇ ಅವನ ಹೆಸರೂ ಆಯಿತು ಎಂಬುದು ತಿಳಿದ ಮೇಲೆ ಈ ಜೋಡಿ ನನಗೆ ಮರೆತಿಲ್ಲ.

ನನ್ನ ತೊಡಕು ಬೇರೆ. ‘ಸು’ ಎಂಬ ಸ್ವಾಮ್ಯಸೂಚಕ ಪದ ಎರಡೂ ಲಿಂಗಗಳಿಗೆ ಒಂದೇ ಆಗಿರುವುದರಿಂದ, ‘ಎಲ್ ಪಾಯಿಸ್ ಪೆರ್ದಿಯೋ ಸು ಕಪಿತಾಲ್’ ಎಂಬ ವಾಕ್ಯದಲ್ಲಿ ದೇಶವು ಕಳೆದುಕೊಂಡದ್ದು ಬಂಡವಾಳವನ್ನೋ ರಾಜಧಾನಿಯನ್ನೋ ಎಂದು ವ್ಯಾಕರಣದಿಂದ ತಿಳಿಯುವುದಿಲ್ಲ. ಮುಂದೆ ವಿಶೇಷಣ ಬಂದರೆ ದಾರಿ ಸಿಗುತ್ತದೆ: ‘ಸು ಕಪಿತಾಲ್ ಆಂತಿಗುವಾ’ ಎಂದಿದ್ದರೆ ಕೊನೆಯ ಆಕಾರವೇ ಅದು ಹಳೆಯ ರಾಜಧಾನಿ ಎಂದು ಹೇಳುತ್ತದೆ. ಆದರೆ ‘ಇಂಪೊರ್ತಾಂತೆ’ಯಂತಹ, ಲಿಂಗಕ್ಕೆ ತಕ್ಕಂತೆ ರೂಪ ಬದಲಿಸದ ವಿಶೇಷಣ ಬಂದರೆ ಆ ನೆರವೂ ಇಲ್ಲ.

ಇಂತಹ ಕಡೆ ಸ್ಪ್ಯಾನಿಷ್ ಮಾತೃಭಾಷಿಕರು ಸಂದರ್ಭವನ್ನೇ ನಂಬುತ್ತಾರೆಯೇ, ಅಥವಾ ಬರೆಯುವಾಗ ‘ಸಿಯುದಾದ್ ಕಪಿತಾಲ್’ (ರಾಜಧಾನಿ ನಗರ) ಎಂದು ಬಿಡಿಸಿ ಹೇಳುವುದು ಸಹಜವೇ? ಪತ್ರಿಕೆಗಳಲ್ಲಿ ಓದಿದ ನಿಜವಾದ ವಾಕ್ಯಗಳನ್ನು ಯಾರಾದರೂ ಉದಾಹರಣೆಯಾಗಿ ಕೊಟ್ಟರೆ, ಅದರಲ್ಲೂ ‘ಕೂರಾ’ ಪದಕ್ಕೆ ‘ಸು’ ಸೇರಿದ ವಾಕ್ಯಗಳನ್ನು ಕೊಟ್ಟರೆ, ತುಂಬಾ ಉಪಕಾರವಾಗುತ್ತದೆ.