ಹತ್ತು ಸಾವಿರ ಕೊಟ್ರ ತಿಂಗಳಿಗೆ ಸಾವಿರ: ಸಂಘದ ಸಭೆಯಾಗ ಏನು ಮಾತಾಡ್ಲಿ?

ಪ್ರಶ್ನೆ: ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಲೆಕ್ಕ ಬರೆಯುವ ಎಂಬಿಕೆ, ಗುಳೇದಗುಡ್ಡ ಕಡೆಯವರು

ಮುಂದಿನ ಮಂಗಳವಾರ ನಮ್ಮ ಒಕ್ಕೂಟದ ಸಭಾ ಐತಿ. ಸಣ್ಣ ಉಳಿತಾಯ ಎಲ್ಲಿ ಇಡಬೇಕು, ಮೋಸ ಹೆಂಗ ಗುರುತು ಹಿಡೀಬೇಕು ಅಂತ ನಾನು ಹತ್ತು ನಿಮಿಷ ಮಾತಾಡಬೇಕು. ಊರಾಗ ಒಬ್ಬಾಂವ 10 ಸಾವಿರ ಕಟ್ರಿ, ತಿಂಗಳಾ 1 ಸಾವಿರದಂಗ 20 ತಿಂಗಳು ಕೊಡ್ತೀನಿ ಅನ್ನಾಕತ್ತಾನ. ಆರು ತಿಂಗಳಿಂದ ಕೆಲವರಿಗೆ ಬಂದೂ ಬಂದೈತಿ. 'ರೊಕ್ಕ ಬರಾಕತ್ತೈತಲ್ಲಾ' ಅಂದ್ರ ಏನು ಉತ್ತರ ಕೊಡ್ಲಿ?

ಉತ್ತರ: ನಿವೃತ್ತ ಬ್ಯಾಂಕ್ ಮ್ಯಾನೇಜರ್, ಬಾಗಲಕೋಟೆ

ಅಕ್ಕಾರ, ಮೈಕ್ ಹಿಡಿದು ಉಪದೇಶ ಮಾಡಬೇಡಿ. ಒಂದು ಸೇರು ಹುಣಸೆಬೀಜ ಮತ್ತು ಒಂದು ಖಾಲಿ ಡಬ್ಬಿ ತಗೊಂಡು ಹೋಗಿ. ಮುಧೋಳ, ಜಮಖಂಡಿ ಕಡೆ ಸಂಘದ ಸಭೆಗಳಲ್ಲಿ ನಾನು ಮಾಡಿದ್ದು ಇದನ್ನೇ. ಎಷ್ಟು ಭಾಷಣ ಮಾಡಿದರೂ ತಲೆಗೆ ಹೋಗದ್ದು ಬೀಜ ಎಣಿಸಿದಾಗ ಹೋಗುತ್ತದೆ.

ಒಂದು ಬೀಜ ಅಂದರೆ 1 ಸಾವಿರ ರೂಪಾಯಿ. ಹತ್ತು ಜನರನ್ನು ಮುಂದೆ ಕರೆದು ಕೂರಿಸಿ, ತಲಾ 10 ಬೀಜ ಕೊಟ್ಟು ಡಬ್ಬಿಗೆ ಹಾಕಿಸಿ. ಡಬ್ಬಿಯಲ್ಲಿ 100 ಆದವು. ಏಜೆಂಟ್ ಆದವರು ತಮ್ಮ ಕಮಿಷನ್ ಅಂತ ಅದರಲ್ಲಿ 10 ತೆಗೆದು ಸೆರಗಿಗೆ ಕಟ್ಟಿಕೊಳ್ಳಲಿ. ಉಳಿದದ್ದು 90. ಈಗ ಒಂದೊಂದೇ ತಿಂಗಳ ಹೆಸರು ಹೇಳುತ್ತಾ ಆ ಡಬ್ಬಿಯಿಂದಲೇ ಹತ್ತೂ ಜನರಿಗೆ ಒಂದೊಂದು ಬೀಜ ವಾಪಸ್ ಕೊಡಿಸಿ. ಆರನೇ ತಿಂಗಳಿಗೆ ನಿಲ್ಲಿಸಿ ಡಬ್ಬಿ ತೋರಿಸಿ. ಇನ್ನೂ 30 ಬೀಜ ಇರುತ್ತವೆ. ಒಂದು ರೂಪಾಯಿ ವ್ಯಾಪಾರ ಆಗಿಲ್ಲ, ಒಂದು ಕಾಳು ಬೆಳೆದಿಲ್ಲ, ಆದರೂ ಆರು ತಿಂಗಳು ಎಲ್ಲರಿಗೂ ತಪ್ಪದೇ ಬಂತು. 'ಬರಾಕತ್ತೈತಲ್ಲಾ' ಎಂಬ ಮಾತಿಗೆ ಉತ್ತರ ಆ ಡಬ್ಬಿಯೊಳಗೇ ಇದೆ. ಬಂದದ್ದು ಬಡ್ಡಿಯಲ್ಲ, ಅವರು ಕೊಟ್ಟ ಗಂಟೇ ತುಂಡು ತುಂಡಾಗಿ ತಿರುಗಿ ಬಂದದ್ದು.

ಒಂಬತ್ತನೇ ತಿಂಗಳಿಗೆ ಡಬ್ಬಿ ಖಾಲಿ. ಅಲ್ಲಿಗೆ ಆಟ ಮುಗಿಸಬೇಡಿ. ಮತ್ತೆ ಹತ್ತು ಜನರನ್ನು ಕರೆದು ತಲಾ 10 ಹಾಕಿಸಿ, ಏಜೆಂಟ್ ಮತ್ತೆ 10 ತೆಗೆಯಲಿ. ಈಗಲೂ ಡಬ್ಬಿಯಲ್ಲಿ 90 ಬೀಜಗಳೇ ಇವೆ, ಆದರೆ ಕೊಡಬೇಕಾದವರು ಇಪ್ಪತ್ತು ಜನ. ನಾಲ್ಕು ತಿಂಗಳಿಗೆ 80 ಹೋಗಿ 10 ಉಳಿಯುತ್ತವೆ. ಮೊದಲ ಸಲ ಒಂಬತ್ತು ತಿಂಗಳು ನಡೆದದ್ದು ಈಗ ನಾಲ್ಕಕ್ಕೇ ನಿಂತಿತು. ಮತ್ತೆ ನಡೆಸಬೇಕೆಂದರೆ ಈ ಸಲ ಇಪ್ಪತ್ತು ಹೊಸಬರು ಬೇಕು. ಅವರು 200 ಹಾಕುತ್ತಾರೆ, ಏಜೆಂಟ್ 20 ತೆಗೆಯುತ್ತಾನೆ, ಉಳಿದಿದ್ದ 10 ಸೇರಿ 190. ನಲವತ್ತು ಜನರಿಗೆ ಕೊಡುತ್ತಾ ಹೋದರೆ ಮತ್ತೆ ನಾಲ್ಕೇ ತಿಂಗಳು. ಅವನು ಓಡಿಹೋಗುವುದು ಇಂಥ ಹೊತ್ತಿನಲ್ಲೇ, ಡಬ್ಬಿಯಲ್ಲಿ ಉಳಿದ 30 ಬೀಜದ ಸಮೇತ.

ಆಮೇಲೆ ಎಲ್ಲರ ಉಡಿಯಲ್ಲಿರುವುದನ್ನು ಎಣಿಸಿ. ಮೊದಲ ಹತ್ತು ಜನರ ಹತ್ತಿರ 17 ಇರುತ್ತವೆ. ಎರಡನೆಯವರ ಹತ್ತಿರ 8. ಕೊನೆಯ ಇಪ್ಪತ್ತು ಜನರ ಹತ್ತಿರ ಬರೀ 4. ಈ ಕೊನೆಯವರು ಯಾರು? ಮೊದಲಿನವರ ಮಾತು ನಂಬಿ ಬಂದ ಅಕ್ಕ, ನಾದಿನಿ, ಪಕ್ಕದ ಮನೆಯವರು. 'ನನಗ ಬಂದೈತಿ, ನೀನೂ ಹಾಕು' ಎಂದು ಕರೆತಂದವರು ಸುಳ್ಳು ಹೇಳಿರುವುದಿಲ್ಲ. ಅವರಿಗೆ ನಿಜವಾಗಿಯೂ ಬಂದಿರುತ್ತದೆ. ಈ ಮೋಸ ಒಂದು ಓಣಿಯಿಂದ ಇನ್ನೊಂದು ಓಣಿಗೆ ಹಬ್ಬುವುದೇ ಹೀಗೆ. ಇಷ್ಟು ತೋರಿಸಿದರೆ ನಿಮ್ಮ ಹತ್ತು ನಿಮಿಷದಲ್ಲಿ ಏಳು ಮುಗಿಯುತ್ತವೆ, ಮುಗಿಯಲಿ.

ಸದಸ್ಯೆ, ಗುಳೇದಗುಡ್ಡ

ಮೇಡಂ, ನಿಮ್ಮ ಲೆಕ್ಕದಾಗ ಮೊದಲ ಹತ್ತು ಮಂದಿಗೆ 7 ಸಾವಿರ ಲಾಭ ಆತಲ್ಲ. ಹಂಗಾರ ಲಗೂನ ಸೇರಿ ಲಗೂನ ಹೊರಗ ಬಂದ್ರ ಆತು. ಸಭೆಯಾಗ ಯಾರರ ಹಿಂಗ ಕೇಳೇ ಕೇಳ್ತಾರ.

ನಿವೃತ್ತ ಮ್ಯಾನೇಜರ್

ಕೇಳುತ್ತಾರೆ, ಕೇಳಬೇಕು ಕೂಡ. ನೀವು ಸೇರುವ ದಿನ ನಿಮಗಿಂತ ಮುಂಚೆ ಎಷ್ಟು ಜನ ಸೇರಿದ್ದಾರೆ ಎಂದು ನಿಮಗೆ ಗೊತ್ತಿರುವುದಿಲ್ಲ. ಆ ಪುಸ್ತಕ ಇರುವುದು ಅವನ ಹತ್ತಿರ. ನಿಮ್ಮ ಊರಿಗೆ ನೀವೇ ಮೊದಲಿಗರು ಎಂದುಕೊಂಡಿರುತ್ತೀರಿ, ಅವನು ಬೇರೆ ತಾಲ್ಲೂಕಿನಲ್ಲಿ ಒಂದು ವರ್ಷ ನಡೆಸಿ ಬಂದಿರುತ್ತಾನೆ. ಇನ್ನೊಂದು, ನಡುವೆ ಹೊರಗೆ ಬರುವ ದಾರಿ ಅವನು ಇಟ್ಟಿರುವುದಿಲ್ಲ. ಹತ್ತು ತಿಂಗಳು ಬಂದ ಮೇಲೆ ನಮ್ಮ ಜನ ಸುಮ್ಮನಿರುವುದೂ ಇಲ್ಲ, ಬಂಗಾರ ಅಡವಿಟ್ಟು 50 ಸಾವಿರ ಹಾಕುತ್ತಾರೆ. ಆ 7 ಬೀಜ ಕೊನೆಯವರ ಉಡಿಯಿಂದ ಬಂದದ್ದು ಎಂಬುದನ್ನೂ ಸಭೆಯಲ್ಲಿ ಬಿಡಿಸಿ ಹೇಳಿ.

ಕಿರಾಣಿ ಅಂಗಡಿಯವರು, ಇಳಕಲ್

ಇಷ್ಟೆಲ್ಲಾ ಬೀಜ ಎಣಸೂದು ಯಾಕ್ರಿ? ರಜಿಸ್ಟರ್ ಆಗೈತೋ ಇಲ್ಲೋ ನೋಡಿದ್ರ ಮುಗೀತು. ಸರ್ಟಿಫಿಕೇಟ್ ಗೋಡೆಗೆ ಹಾಕಿದ್ರ ಧೈರ್ಯಾಗಿ ಇಡಬಹುದು. ನಾನೂ ನಮ್ಮ ಓಣಿ ಪತ್ತಿನ ಸಹಕಾರಿ ಸಂಘದಾಗ ಇಟ್ಟೀನಿ, ಅದು ರಜಿಸ್ಟರ್ ಐತಿ.

ನಿವೃತ್ತ ಮ್ಯಾನೇಜರ್

ಅಣ್ಣಾರ, ನೋಡಬೇಕು ಎನ್ನುವುದು ಸರಿ. ಆದರೆ ಯಾವ ಕಾಗದ ಎನ್ನುವುದು ಮುಖ್ಯ. ಕಂಪನಿ ನೋಂದಣಿ ಅಂದರೆ ಆ ಹೆಸರಿನ ಕಂಪನಿ ಹುಟ್ಟಿದೆ ಎಂದಷ್ಟೇ. ಜನರಿಂದ ಠೇವಣಿ ತಗೊಳ್ಳಲು ಅನುಮತಿ ಬೇರೆಯೇ ಬೇಕು. ಜಿಎಸ್‌ಟಿ ನಂಬರ್, ಪಾನ್ ಕಾರ್ಡ್, ಗೋಡೆ ಮೇಲಿನ ಫೋಟೋ ಇವು ಯಾವುವೂ ಆ ಅನುಮತಿಯಲ್ಲ. ಯಾರಿಗೆ ಅನುಮತಿ ಇದೆ ಎಂದು ನೋಡಲು, ದೂರು ಕೊಡಲು ರಿಸರ್ವ್ ಬ್ಯಾಂಕಿನ sachet.rbi.org.in ಇದೆ. ನಿಯಂತ್ರಣವಿಲ್ಲದ ಠೇವಣಿ ಯೋಜನೆಗಳನ್ನು 2019ರ ಕೇಂದ್ರ ಕಾನೂನು ನಿಷೇಧಿಸಿದೆ. ಗೊತ್ತಿದ್ದೂ ಇನ್ನೊಬ್ಬರನ್ನು ಸೇರಿಸುವುದೂ ಆ ಕಾನೂನಿನಲ್ಲಿ ಅಪರಾಧ.

ನಿಮ್ಮ ಪತ್ತಿನ ಸಂಘ ಮೋಸದ್ದು ಎನ್ನುತ್ತಿಲ್ಲ. ಸದಸ್ಯರಿಂದ ಠೇವಣಿ ತಗೊಳ್ಳಲು ಅದಕ್ಕೆ ಅವಕಾಶವಿದೆ. ಆದರೆ ಬ್ಯಾಂಕ್ ಮುಳುಗಿದರೆ ಒಬ್ಬ ಗ್ರಾಹಕರಿಗೆ 5 ಲಕ್ಷದವರೆಗೆ ಸಿಗುವ ಠೇವಣಿ ವಿಮೆ ಪತ್ತಿನ ಸಂಘಗಳಿಗೆ ಇಲ್ಲ. ನಿಮ್ಮ ಗಂಟೆಲ್ಲಾ ಅದೊಂದರಲ್ಲೇ ಇದ್ದರೆ ಇದನ್ನು ತಿಳಿದು ಇಡಿ.

ಶಿಕ್ಷಕಿ, ವಿಜಯಪುರ

ನಾವು ಹನ್ನೆರಡು ಮಂದಿ ಭಿಶಿ ಹಾಕ್ತೀವಿ, ತಿಂಗಳಾ 2 ಸಾವಿರ. ಅದೂ ಮೋಸ ಅಂತೀರೇನ್ರಿ? ನಮಗ ಎಂಟು ವರ್ಷದಿಂದ ಒಂದು ದಿನ ತಪ್ಪಿಲ್ಲ.

ನಿವೃತ್ತ ಮ್ಯಾನೇಜರ್

ಬಾಯಾರ, ನಾನು ಭಿಶಿ ಬಗ್ಗೆ ಹೇಳಿಲ್ಲ. ಭಿಶಿಯಲ್ಲಿ ಆ ತಿಂಗಳು ಬಂದ 24 ಸಾವಿರ ಆ ತಿಂಗಳೇ ಒಬ್ಬರ ಕೈಗೆ ಹೋಗುತ್ತದೆ. ಹೊಸಬರು ಸೇರದಿದ್ದರೂ ಅದು ನಡೆಯುತ್ತದೆ, ದುಪ್ಪಟ್ಟು ಮಾಡುತ್ತೇನೆ ಎಂದು ಯಾರೂ ಹೇಳಿರುವುದಿಲ್ಲ. ಅಲ್ಲಿನ ಭಯ ಬೇರೆ: ಎರಡನೇ ತಿಂಗಳೇ ಎತ್ತಿಕೊಂಡವರು ಆಮೇಲೆ ಕಂತು ನಿಲ್ಲಿಸಿದರೆ ಉಳಿದವರ ಹತ್ತಿರ ಕಾಗದ ಇರುವುದಿಲ್ಲ. 1982ರ ಚಿಟ್ ಫಂಡ್ ಕಾಯ್ದೆ ಚೀಟಿ ನಡೆಸಲು ನೋಂದಣಿ ಕೇಳುತ್ತದೆ. ಹಾಗೆಂದು ಗೆಳತಿಯರ ಭಿಶಿ ಬಿಡಿ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹನ್ನೆರಡು ಜನ ಹನ್ನೆರಡೇ ಇರಲಿ, ಎತ್ತಿದವರ ಸಹಿ ಒಂದು ಪುಸ್ತಕದಲ್ಲಿ ಇರಲಿ.

ಎಂಬಿಕೆ, ಪ್ರಶ್ನೆ ಕೇಳಿದವರು

ಬೀಜದ ಆಟ ಗೊತ್ತಾತ್ರಿ. ಉಳಿದ ಮೂರು ನಿಮಿಷದಾಗ 'ಹಂಗಾರ ಎಲ್ಲಿ ಇಡೂಣು' ಅಂದ್ರ ಏನು ಹೇಳ್ಲಿ? ನಮ್ಮವರ ಕೈಯಾಗ ತಿಂಗಳಿಗೆ 500 ಉಳದ್ರ ಹೆಚ್ಚು.

ನಿವೃತ್ತ ಮ್ಯಾನೇಜರ್

ಮೊದಲು ಕೇಳಬೇಕಾದದ್ದು, ಸಂಘದಲ್ಲಿ ನಿಮ್ಮ ಸಾಲ ಎಷ್ಟು ಬಾಕಿ ಇದೆ? ತಿಂಗಳಿಗೆ ನೂರಕ್ಕೆ 2 ರೂಪಾಯಿ ಬಡ್ಡಿ ಅಂದರೆ ವರ್ಷಕ್ಕೆ 24. ಅಂಥ ಸಾಲ ಇಟ್ಟುಕೊಂಡು ಬೇರೆ ಕಡೆ 7 ರೂಪಾಯಿ ಬಡ್ಡಿಗೆ ಕೂಡಿಸಿದರೆ ನಷ್ಟ. ಆ 500 ಮೊದಲು ಸಾಲಕ್ಕೇ ಹೋಗಲಿ.

ಸಾಲ ಇಲ್ಲದವರಿಗೆ ಅಂಚೆ ಕಚೇರಿಯ ಆರ್‌ಡಿ ಸಾಕು. ತಿಂಗಳಿಗೆ 100 ರೂಪಾಯಿಯಿಂದ ಶುರು, ಐದು ವರ್ಷ. 2023ರ ಅಕ್ಟೋಬರ್‌ನಲ್ಲಿ ನಿಗದಿಯಾದ 6.7ರ ಬಡ್ಡಿಯಲ್ಲಿ ತಿಂಗಳಿಗೆ 500 ಕಟ್ಟಿದರೆ, ಕಟ್ಟಿದ್ದು 30 ಸಾವಿರ, ಕೈಗೆ ಬರುವುದು ಸುಮಾರು 35,680. ಐದು ವರ್ಷಕ್ಕೆ ಐದೂವರೆ ಸಾವಿರಕ್ಕಿಂತ ತುಸು ಹೆಚ್ಚು ಬಡ್ಡಿ. ಇದನ್ನು ಮುಚ್ಚಿಡದೇ ಹೇಳಿ. ಸರ್ಕಾರದ ಭರವಸೆ ಇರುವಲ್ಲಿ ದುಡ್ಡು ಬೆಳೆಯುವ ವೇಗ ಇಷ್ಟು ಎಂದು ಗೊತ್ತಾದರೆ ತಿಂಗಳಿಗೆ ಸಾವಿರ ಎಂಬ ಮಾತು ಕಿವಿಗೆ ಚುಚ್ಚುತ್ತದೆ.

ತೊಡಕೂ ಇದೆ. ಮೂರು ವರ್ಷದ ಒಳಗೆ ಮುರಿಯಲು ಬರುವುದಿಲ್ಲ. ಆಮೇಲೆ ಮುರಿದರೂ ಉಳಿತಾಯ ಖಾತೆಯ ಕಡಿಮೆ ಬಡ್ಡಿಯೇ. 12 ಕಂತು ಕಟ್ಟಿದ ಮೇಲೆ ಕಟ್ಟಿದ್ದರ ಅರ್ಧದಷ್ಟು ಸಾಲ ಸಿಗುತ್ತದೆ. ಹಾಗಾಗಿ ಮಗ್ಗ ನಿಂತ ತಿಂಗಳು ಕೂಡ ಕಟ್ಟಲು ಆಗುವಷ್ಟೇ ಬರೆಸಿ, 500 ಕಷ್ಟ ಅಂದರೆ 200. ಮನೆಗೆ ಬಂದು ಕಂತು ಒಯ್ಯುವ ಏಜೆಂಟ್ ಇದ್ದರೆ ಅವರು ತಮ್ಮ ಕಾರ್ಡ್‌ನಲ್ಲಿ ಸಹಿ ಮಾಡಿದರೆ ಸಾಲದು. ಅಂಚೆ ಕಚೇರಿಯ ಪಾಸ್‌ಬುಕ್‌ನಲ್ಲಿ ಆ ತಿಂಗಳ ಕಂತು ಏರಿದೆಯೇ ಎಂದು ಎರಡು ತಿಂಗಳಿಗೊಮ್ಮೆ ಕಣ್ಣಾರೆ ನೋಡಿ.

ಅಕೌಂಟೆಂಟ್, ಬೆಳಗಾವಿ

ಮೇಡಂ, ಬರೀ ಆರ್‌ಡಿ ಅಂದ್ರ ಬೆಲೆ ಏರಿಕೆಗೇ ಬಡ್ಡಿ ಸರಿಹೋಗ್ತದ. ಮಗಳ ಕಾಲೇಜಿಗೆ ಹತ್ತು ವರ್ಷ ಇದ್ರ, ತಿಂಗಳಾ ಮ್ಯೂಚುವಲ್ ಫಂಡಿಗೆ ಕಟ್ಟೂ ಎಸ್‌ಐಪಿ ಬಗ್ಗೆನೂ ಹೇಳಬೇಕು. ಹೆಣ್ಮಕ್ಕಳಿಗೆ ತಿಳಿಯೂದಿಲ್ಲ ಅಂತ ಬಿಡೂದು ನನಗ ಸರಿ ಅನಸೂದಿಲ್ಲ.

ನಿವೃತ್ತ ಮ್ಯಾನೇಜರ್

ತಿಳಿಯುವುದಿಲ್ಲ ಎಂದು ಬಿಟ್ಟಿದ್ದಲ್ಲ. ಮಾರುಕಟ್ಟೆ ಬಿದ್ದ ವರ್ಷ 10 ಸಾವಿರ 8 ಸಾವಿರ ಆಗಿ ಕಂಡಾಗ ಪಕ್ಕದಲ್ಲಿ ಕೂತು ಹೇಳುವವರು ಇರಬೇಕು. ಮೂರು ನಿಮಿಷದ ಮಾತಿನಲ್ಲಿ ಅದನ್ನು ಹೇಳಿ ಎದ್ದು ಬರುವುದು ನನಗೆ ಒಪ್ಪಿಗೆಯಿಲ್ಲ. ಹತ್ತು ವರ್ಷದ ಗಂಟಿಗೆ ನಿಮ್ಮ ಮಾತು ತಪ್ಪಲ್ಲ. ನೀವೇ ಒಂದು ಸಭೆಗೆ ಬಂದು ಕೂತರೆ ನಾನೂ ಬರುತ್ತೇನೆ.

ಸದಸ್ಯೆ, ತೇರದಾಳ

ನಾ ಇಂಥಾದ್ದಕ್ಕ 50 ಸಾವಿರ ಕೊಟ್ಟೀನ್ರಿ. ನಾಲ್ಕು ತಿಂಗಳು 5 ಸಾವಿರದಂಗ ಕೊಟ್ಟ, ಎರಡು ತಿಂಗಳಾತು ಇಲ್ಲ. ಐದು ಮಂದಿ ತಂದ್ರ ನಿಮ್ಮದು ಬಿಡತೀನಿ ಅಂತಾನ. ಬಾಂಡ್ ಹೊಸದು ಮಾಡಿಕೊಡ್ತೀನಿ, ಹಳೇದು ಕೊಡ್ರಿ ಅಂತಾನ. ಮನಿಯಾಗ ಹೇಳಿಲ್ಲ.

ನಿವೃತ್ತ ಮ್ಯಾನೇಜರ್

ತಂಗೀ, ಹಳೇ ಬಾಂಡ್ ಕೊಡಬೇಡ. ನಿನ್ನ ಹತ್ತಿರ ಇರುವ ಸಾಕ್ಷಿ ಅದೊಂದೇ. ಎರಡೂ ಬದಿ ಫೋಟೋ ತೆಗೆದು ಇನ್ನೊಬ್ಬರ ಫೋನಿಗೂ ಕಳಿಸಿಡು. ಅವನ ಮೆಸೇಜ್ ಅಳಿಸಬೇಡ, ಯಾವ ದಿನ ಎಷ್ಟು ಕೊಟ್ಟೆ, ಎಷ್ಟು ಬಂತು ಒಂದು ಹಾಳೆಯಲ್ಲಿ ಬರಿ. ಐದು ಜನರನ್ನು ತರಬೇಡ. ತಂದರೆ ನಿನ್ನ 30 ಸಾವಿರದ ಚಿಂತೆಗೆ ಅವರ ಗಂಟೂ ಸೇರುತ್ತದೆ, ಆಮೇಲೆ ಅವರು ನಿನ್ನ ಬಾಗಿಲಿಗೇ ಬರುತ್ತಾರೆ.

ನಿನ್ನಂತೆ ಕೊಟ್ಟವರು ಊರಲ್ಲಿ ಇನ್ನೂ ಇರುತ್ತಾರೆ. ಮೂರು ನಾಲ್ಕು ಜನ ಕೂಡಿ ಪೊಲೀಸ್ ಠಾಣೆಗೆ ಹೋಗಿ ಬರಹದಲ್ಲಿ ದೂರು ಕೊಡಿ, ಸ್ವೀಕೃತಿ ಕೇಳಿ ತಗೊಳ್ಳಿ. ಅವನ ಆಸ್ತಿ ಜಪ್ತಿ ಮಾಡಿ ಹಂಚಲು ಕಾನೂನಿನಲ್ಲಿ ದಾರಿಯಿದೆ, ಆದರೆ ಅದು ವರ್ಷಗಟ್ಟಲೆ ಹಿಡಿಯುತ್ತದೆ. ಎಷ್ಟು ಬರುತ್ತದೆ ಎಂಬ ಮಾತು ನಾನು ಕೊಡಲಾರೆ. ದಿನ ಕಳೆದಷ್ಟೂ ಅವನ ಹತ್ತಿರ ಉಳಿದದ್ದು ಕರಗುತ್ತದೆ, ಅದಕ್ಕೆ ಈ ವಾರವೇ ಹೋಗು. ಮನೆಯಲ್ಲಿ ಇವತ್ತೇ ಹೇಳು. ಒಬ್ಬಳೇ ಠಾಣೆ ಮೆಟ್ಟಿಲು ಹತ್ತುವುದು ಕಷ್ಟ ಅನಿಸಿದರೆ ನಿಮ್ಮ ಒಕ್ಕೂಟದ ಅಧ್ಯಕ್ಷೆಯನ್ನು ಕರೆದುಕೊಂಡು ಹೋಗು.

ಎಂಬಿಕೆ

ತೇರದಾಳದ ಅಕ್ಕಾರ, ನಿಮ್ಮ ಹೆಸರು ಹೇಳದಂಗ ನಿಮ್ಮ ಮಾತು ನಮ್ಮ ಸಭೆಯಾಗ ಹೇಳ್ಲೇನ್ರಿ? ಹಳೇ ಬಾಂಡ್ ಕೇಳ್ತಾರ ಅನ್ನೂದು ನಮಗ್ಯಾರಿಗೂ ಗೊತ್ತಿರಲಿಲ್ಲ.

ಸದಸ್ಯೆ, ತೇರದಾಳ

ಹೇಳ್ರಿ.